ಲಿಸ್ಟ್ ಕಾಂಪ್ರಿಹೆನ್ಶನ್: ಒಂದು ಸಾಲಿನ ಚರಿತ್ರೆ

ಲಿಸ್ಟ್ ಕಾಂಪ್ರಿಹೆನ್ಶನ್ ಎಂದರೆ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಯನ್ನು ಒಂದೇ ಸಾಲಿನಲ್ಲಿ ಕಟ್ಟುವ ಪ್ರೋಗ್ರಾಮಿಂಗ್ ರಚನೆ. ಪೈಥಾನ್ ಕಲಿಯುವವರು ಇದರಲ್ಲಿ ಮುಗ್ಗರಿಸುವುದು ಎರಡು `for` ಮತ್ತು ಒಂದು `if` ಒಟ್ಟಿಗೆ ಬಂದಾಗ.

ಇದರ ಮೂಲ ಗಣಿತದ ಗಣಸಿದ್ಧಾಂತದಲ್ಲಿದೆ. ಇಂಥ ಗುಣವಿರುವ ಎಲ್ಲವುಗಳ ಗಣ ಎಂದು ಬರೆಯುವ ಕ್ರಮವೇ ಕಾಂಪ್ರಿಹೆನ್ಶನ್. ಇಲ್ಲಿ ಆ ಪದಕ್ಕೆ ‘ಗ್ರಹಿಕೆ’ ಎಂಬ ಅರ್ಥವಿಲ್ಲ, ‘ಒಳಗೊಳ್ಳುವುದು’ ಎಂಬ ಅರ್ಥವಿದೆ. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜ್ಯಾಕ್ ಶ್ವಾರ್ಟ್ಸ್ ರೂಪಿಸಿದ ಸೆಟ್ಎಲ್ ಭಾಷೆ ಇದನ್ನು ಕಂಪ್ಯೂಟರಿಗೆ ತಂದಿತು. ಬ್ರಿಟನ್ನಿನ ಡೇವಿಡ್ ಟರ್ನರ್ ತಮ್ಮ ಕೆಆರ್‌ಸಿ ಭಾಷೆಯಲ್ಲಿ ಇದನ್ನು ಪಟ್ಟಿಗಳಿಗೆ ಹೊಂದಿಸಿ, ಜರ್ಮೆಲೊ ಮತ್ತು ಫ್ರೆಂಕೆಲ್ ಎಂಬ ಗಣಿತಜ್ಞರ ನೆನಪಿನಲ್ಲಿ ಝಡ್ಎಫ್ ಉಕ್ತಿ ಎಂದು ಕರೆದರು. ಈಗಿನ ಹೆಸರು ಫಿಲಿಪ್ ವಾಡ್ಲರ್ ಅವರಿಂದ ಬಂದದ್ದು. ಹ್ಯಾಸ್ಕೆಲ್ ಭಾಷೆಯಿಂದ ಎರವಲಾಗಿ 2000ದ ಅಕ್ಟೋಬರಿನಲ್ಲಿ ಈ ರಚನೆ ಪೈಥಾನ್ 2.0ಕ್ಕೆ ಸೇರಿತು. ಬ್ಯಾರಿ ವಾರ್ಸಾ ಬರೆದ ಪಿಇಪಿ 202 ಎಂಬ ಪ್ರಸ್ತಾವವೇ ಅದರ ದಾಖಲೆ. ಹಲವು `for`ಗಳಿದ್ದರೆ ಕೊನೆಯದು ಎಲ್ಲಕ್ಕಿಂತ ವೇಗವಾಗಿ ಸುತ್ತಬೇಕೆಂದು ಆ ದಾಖಲೆ ಅಂದೇ ಗೊತ್ತುಮಾಡಿತು. ಕಲಿಯುವವರ ಮುಕ್ಕಾಲು ಗೊಂದಲಕ್ಕೆ ಉತ್ತರ ಆ ಒಂದು ವಾಕ್ಯದಲ್ಲಿದೆ.

ಉದಾಹರಣೆಗೆ ಹೆಬ್ರಿಯನ್ನು ಮುಟ್ಟುವ ಎರಡು ದಾರಿಗಳನ್ನು ತೆಗೆದುಕೊಳ್ಳಬಹುದು. ಒಂದು ಉಡುಪಿಯಿಂದ ಮಣಿಪಾಲದ ಮೇಲೆ ಬರುವುದು, ಇನ್ನೊಂದು ವರಂಗದ ಕಡೆಯಿಂದ ಕಾರ್ಕಳಕ್ಕೆ ಹೋಗುವುದು. ಹೆಬ್ರಿ ಎರಡರಲ್ಲೂ ಇದೆ. ಅದನ್ನು ಬಿಟ್ಟು ಉಳಿದ ಊರುಗಳ ಪಟ್ಟಿ ಬೇಕು.

```
darigalu = [["ಉಡುಪಿ", "ಮಣಿಪಾಲ", "ಹೆಬ್ರಿ"],
            ["ಹೆಬ್ರಿ", "ವರಂಗ", "ಕಾರ್ಕಳ"]]
urugalu = [u for d in darigalu for u in d if u != "ಹೆಬ್ರಿ"]
```

ಈ ಸಾಲನ್ನು ಎಡತುದಿಯಿಂದ ಓದಲು ಹೊರಟರೆ ಮೊದಲೇ `u` ಎದುರಾಗುತ್ತದೆ. ಅದು ಯಾವುದೆಂದು ಅಲ್ಲಿಯವರೆಗೆ ಯಾರೂ ಹೇಳಿಲ್ಲ. ಕನ್ನಡಿಗರಿಗೆ ಇದು ಇನ್ನೂ ತೊಡಕು, ಏಕೆಂದರೆ ನಮ್ಮ ವಾಕ್ಯದಲ್ಲಿ ವಿವರವೆಲ್ಲ ಮುಂದೆ ಬಂದು ಫಲ ಕೊನೆಗೆ ನಿಲ್ಲುತ್ತದೆ: ಪ್ರತಿ ದಾರಿಯಲ್ಲಿ, ಆ ದಾರಿಯ ಪ್ರತಿ ಊರಿನಲ್ಲಿ, ಅದು ಹೆಬ್ರಿ ಅಲ್ಲದಿದ್ದರೆ, ಆ ಊರನ್ನು ಸೇರಿಸು. ಆದ್ದರಿಂದ ಮೊದಲ `for`ಗಿಂತ ಹಿಂದಿರುವುದನ್ನು ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಎಡದಿಂದ ಬಲಕ್ಕೆ ಓದಿ, ಮುಚ್ಚಿದ್ದನ್ನು ಕೊನೆಗೆ ಓದಬೇಕು. ಹಾಗೆ ಓದಿದ ಕ್ರಮದಲ್ಲೇ ಒಂದೊಂದನ್ನೂ ಒಂದು ಹೆಜ್ಜೆ ಒಳಕ್ಕೆ ಸರಿಸಿ ಬರೆದರೆ ಸಾದಾ ಲೂಪ್ ಸಿಗುತ್ತದೆ.

```
urugalu = []
for d in darigalu:
    for u in d:
        if u != "ಹೆಬ್ರಿ":
            urugalu.append(u)
```

ಎರಡರ ಫಲವೂ ಒಂದೇ: ಉಡುಪಿ, ಮಣಿಪಾಲ, ವರಂಗ, ಕಾರ್ಕಳ. `d` ಮೊದಲ ದಾರಿಯಲ್ಲಿ ನಿಂತಿರುವಾಗ `u` ಅದರ ಮೂರು ಊರುಗಳನ್ನೂ ಮುಗಿಸುತ್ತದೆ. ಆಮೇಲಷ್ಟೇ `d` ಮುಂದಕ್ಕೆ ಸರಿಯುತ್ತದೆ. ಷರತ್ತು ಆರು ಸಲ ಪರೀಕ್ಷೆಗೊಳಗಾಗಿ ಎರಡು ಸಲ ಸೋಲುತ್ತದೆ.

ಸಾಮಾನ್ಯ ತಪ್ಪು ಎಂದರೆ ಎರಡು `for`ಗಳನ್ನು ಅದಲುಬದಲು ಮಾಡುವುದು. ಒಳಗಿನ ಲೂಪ್ ಮೊದಲು ಬರಬೇಕೆಂದು ಅನ್ನಿಸುವುದು ಸಹಜವೇ.

```
[u for u in d for d in darigalu if u != "ಹೆಬ್ರಿ"]
```

ಹೊಸದಾಗಿ ತೆರೆದ ಪೈಥಾನಿನಲ್ಲಿ ಇದು `NameError` ಕೊಟ್ಟು ನಿಲ್ಲುತ್ತದೆ. `d` ಹುಟ್ಟುವ ಮುನ್ನವೇ ಅದನ್ನು ಕೇಳಿದಂತಾಯಿತು. ಆದರೆ ಮೇಲಿನ ಸಾದಾ ಲೂಪನ್ನು ಅದೇ ಕಿಟಕಿಯಲ್ಲಿ ಆಗಲೇ ಓಡಿಸಿದ್ದರೆ `d` ಎಂಬ ಹೆಸರು ಕಾರ್ಕಳದ ದಾರಿಯನ್ನು ಹಿಡಿದುಕೊಂಡೇ ಉಳಿದಿರುತ್ತದೆ. ಆಗ ದೋಷದ ಸಂದೇಶ ಬರುವುದಿಲ್ಲ. ವರಂಗ, ವರಂಗ, ಕಾರ್ಕಳ, ಕಾರ್ಕಳ ಎಂಬ ಪಟ್ಟಿ ಬರುತ್ತದೆ. ಉಡುಪಿಯ ದಾರಿ ಪೂರ್ತಿ ಮಾಯ, ಉಳಿದ ಒಂದೊಂದು ಊರೂ ದಾರಿಗಳ ಸಂಖ್ಯೆಯಷ್ಟು, ಅಂದರೆ ಎರಡು ಸಲ. ಇಂಥ ಪುನರಾವರ್ತನೆ ಕಂಡರೆ ಷರತ್ತನ್ನು ತಿದ್ದುತ್ತ ಕೂರದೆ `for`ಗಳ ಕ್ರಮವನ್ನು ನೋಡಬೇಕು.

ಪೈಥಾನ್ 2ರ ಕಾಲದಲ್ಲಿ ಈ ಬಲೆ ಇನ್ನೂ ದೊಡ್ಡದಿತ್ತು. ಕಾಂಪ್ರಿಹೆನ್ಶನ್ ಒಳಗಿನ ಹೆಸರುಗಳೇ ಹೊರಗೆ ಸೋರುತ್ತಿದ್ದುದರಿಂದ, ಸರಿಯಾದ ಸಾಲನ್ನು ಒಮ್ಮೆ ಓಡಿಸಿದ್ದರೆ ಸಾಕು, ಆಮೇಲೆ ಬರೆದ ತಪ್ಪು ಸಾಲು ಸದ್ದಿಲ್ಲದೆ ಓಡುತ್ತಿತ್ತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3.0 ಆ ಸೋರಿಕೆಯನ್ನು ಮುಚ್ಚಿತು. ವೇಗಕ್ಕಾಗಿ 2023ರ 3.12ರಲ್ಲಿ ಒಳರಚನೆ ಬದಲಾದರೂ ಹೆಸರುಗಳ ಈ ಮರೆ ಹಾಗೆಯೇ ಉಳಿದಿದೆ.

ಷರತ್ತಿನಲ್ಲಿ ಅಕ್ಷರ ಎಣಿಸಲು ಹೊರಟವರಿಗೆ ಕನ್ನಡದ್ದೇ ಆದ ಇನ್ನೊಂದು ಬೆರಗಿದೆ. ಕಣ್ಣಿಗೆ ಎರಡಕ್ಷರದ ‘ಹೆಬ್ರಿ’ಯನ್ನು `len` ಆರು ಎಂದು ಎಣಿಸುತ್ತದೆ. ಹ, ಎತ್ವ, ಬ, ಕಣ್ಣಿಗೆ ಕಾಣದ ಹಲಂತ, ರ, ಗುಡಿಸು ಇವೆಲ್ಲ ಯುನಿಕೋಡಿನಲ್ಲಿ ಬೇರೆಬೇರೆ. ಹಾಗಾಗಿ `if len(u) > 5` ಎಂದು ಬರೆದರೆ ಹೆಬ್ರಿ ಪಟ್ಟಿಗೆ ಸೇರುತ್ತದೆ, ಮೂರಕ್ಷರದ ಉಡುಪಿ ಐದೇ ಆಗಿ ಹೊರಗುಳಿಯುತ್ತದೆ.