ಕಾರ್ಡಿನಲ್ಲಿ ಎರಡು ಗೆರೆ ಬಂತು, ಆದರೆ ಬಸಿರು ಎಲ್ಲಿ ಕೂತಿದೆ?

ಹನೂರಿನಾಚೆಯ ಕಾಡಂಚಿನ ಊರಾಗಲಿ, ಯಳಂದೂರು ಪೇಟೆಯಾಗಲಿ, ತಿಂಗಳು ತಪ್ಪಿದ ಮೇಲೆ ಮೊದಲು ನಡೆಯೋದು ಮೂತ್ರದ ಕಾರ್ಡ್ ಪರೀಕ್ಷೆ. ಎರಡು ಗೆರೆ ಮೂಡಿದರೆ ಬಸಿರು ನಿಂತಿದೆ ಎಂದರ್ಥ. ಅದು ಎಲ್ಲಿ ನಿಂತಿದೆ ಅನ್ನೋದನ್ನು ಮಾತ್ರ ಕಾರ್ಡ್ ಹೇಳುವುದಿಲ್ಲ.

ನೂರು ಬಸಿರಿನಲ್ಲಿ ಒಂದೆರಡು ಗರ್ಭಕೋಶದ ಹೊರಗೆ, ಬಹುಪಾಲು ಗರ್ಭನಾಳದಲ್ಲಿ ಬೆಳೆಯುತ್ತವೆ. ನಾಳ ಗರ್ಭಕೋಶದಷ್ಟು ಹಿಗ್ಗುವುದಿಲ್ಲ. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ 6ರಿಂದ 8ನೇ ವಾರದ ಹೊತ್ತಿಗೆ ತೊಂದರೆ ಕಾಣಿಸಿಕೊಳ್ಳುವುದೇ ಹೆಚ್ಚು. ನಾಳ ಒಡೆದರೆ ರಕ್ತ ಹೊಟ್ಟೆಯೊಳಗೆ ಸುರಿಯುತ್ತದೆ.

ಹಾಗಾಗಿ ಹೊರಗೆ ಎಷ್ಟು ರಕ್ತ ಹೋಯಿತು ಅನ್ನೋದನ್ನೇ ನೋಡಿ ಸುಮ್ಮನಾಗಬಾರದು. ಹೊರಗೆ ಕಂದು ಬಣ್ಣದ ನಾಲ್ಕು ಹನಿ ಕಂಡರೂ ಒಳಗೆ ಲೀಟರ್‌ಗಟ್ಟಲೆ ಸೋರುತ್ತಿರಬಹುದು. ಕಿಬ್ಬೊಟ್ಟೆಯ ಒಂದೇ ಬದಿಯಲ್ಲಿ ನೋವು, ಜೊತೆಗೆ ಹನಿ ರಕ್ತ ಇದ್ದರೆ ಅವತ್ತೇ ತೋರಿಸಬೇಕು. ತಲೆಸುತ್ತು, ತಣ್ಣನೆ ಬೆವರು, ಮೂರ್ಛೆ, ಇದ್ದಕ್ಕಿದ್ದಂತೆ ಭುಜದ ತುದಿಯಲ್ಲಿ ನೋವು ಬಂದರೆ ಕಾಯದೆ 108ಕ್ಕೆ ಕರೆ ಮಾಡಿ. ಒಳಗೆ ಸೋರಿದ ರಕ್ತ ವಪೆಗೆ ತಾಗಿದಾಗ ಆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ.

ಪತ್ತೆ ಹೇಗೆ? ಒಂದು ಉದಾಹರಣೆ ನೋಡೋಣ. ಮುಟ್ಟಾಗಿ ಆರು ವಾರವಾದ ಹೆಂಗಸೊಬ್ಬರು ಬಲಬದಿಯ ನೋವೆಂದು ಕೊಳ್ಳೇಗಾಲಕ್ಕೆ ಬರುತ್ತಾರೆ. ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಗರ್ಭಕೋಶ ಖಾಲಿ. ರಕ್ತದಲ್ಲಿ ಬೀಟಾ ಎಚ್‌ಸಿಜಿ ಹಾರ್ಮೋನು 900. ಈ ಒಂದೇ ಅಂಕಿಯಿಂದ ಏನೂ ತೀರ್ಮಾನವಾಗದು, ದಿನದ ಲೆಕ್ಕ ತಪ್ಪಿದ ಎಳೆ ಬಸಿರೂ ಆಗಿರಬಹುದು. ಅದಕ್ಕೇ 48 ಗಂಟೆ ಬಿಟ್ಟು, ಅದೇ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ. ಸರಿಯಾದ ಬಸಿರಾದರೆ ಸಾಮಾನ್ಯವಾಗಿ ಅರ್ಧದಷ್ಟಾದರೂ ಏರಿ 1,350 ದಾಟಬೇಕು. ಬಂದದ್ದು 1,120. ಅಂದರೆ ಇದು ಗರ್ಭಪಾತ ಅಥವಾ ನಾಳದ ಬಸಿರು ಆಗಿರುವ ಸಾಧ್ಯತೆ ಹೆಚ್ಚು. ಮತ್ತೆ ಸ್ಕ್ಯಾನ್ ಮಾಡಿದಾಗ ಅಂಡಾಶಯದ ಪಕ್ಕ ಗಂಟು ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ನಾಳ ಒಡೆದಿಲ್ಲದಿದ್ದರೆ ಕೆಲವರಿಗೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಸಾಕು. ಒಡೆದಿದ್ದರೆ ಆಪರೇಷನ್ನೇ ದಾರಿ.

ಎಡವಟ್ಟಾಗೋದು ಇಲ್ಲೇ: ಸ್ಕ್ಯಾನ್‌ನಲ್ಲಿ ‘ಏನೂ ಕಾಣಲಿಲ್ಲ’ ಅಂದದ್ದನ್ನು ಮನೆಯವರು ‘ಏನೂ ಇಲ್ಲ’ ಎಂದು ತಿಳಿದು ಎರಡನೇ ಪರೀಕ್ಷೆಗೆ ಬರೋದೇ ಇಲ್ಲ. ಇನ್ನು ಕೆಲವರು ಸ್ಕ್ಯಾನ್ ಇಲ್ಲದೆ ಅಂಗಡಿಯಿಂದ ಗರ್ಭ ತೆಗೆಸುವ ಮಾತ್ರೆ ತಂದು ನುಂಗುತ್ತಾರೆ. ನಾಳದ ಬಸಿರು ಅದಕ್ಕೆ ಬಗ್ಗುವುದಿಲ್ಲ. ಆಮೇಲೆ ಬರುವ ನೋವು, ರಕ್ತವನ್ನು ಮಾತ್ರೆಯ ಪರಿಣಾಮವೆಂದೇ ನಂಬಿ ಕೂರುತ್ತಾರೆ. ಸಂತಾನಹರಣ ಚಿಕಿತ್ಸೆ ಆದವರಿಗೆ ತಿಂಗಳು ತಪ್ಪಿದರೂ ಕಾರ್ಡ್ ಪರೀಕ್ಷೆ ಮಾಡಿಸಬೇಕು. ಆಗ ಬಸಿರು ನಿಲ್ಲೋದು ಅಪರೂಪ, ನಿಂತರೆ ನಾಳದಲ್ಲಿರುವ ಸಾಧ್ಯತೆ ಹೆಚ್ಚು.

ಚಾಮರಾಜನಗರಕ್ಕೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಕಳಿಸಿದರೆ ಕೊನೆಯ ಮುಟ್ಟಿನ ದಿನಾಂಕ, ಸ್ಕ್ಯಾನ್ ವರದಿ, ರಕ್ತ ಕೊಟ್ಟ ದಿನ ಮತ್ತು ಗಂಟೆ ಇರುವ ಚೀಟಿ ಜೊತೆಗಿರಲಿ. ಆ ಗಂಟೆ ಗೊತ್ತಿಲ್ಲದಿದ್ದರೆ ಹಾರ್ಮೋನಿನ ಏರಿಕೆಯನ್ನು ಸರಿಯಾಗಿ ಅಳೆಯಲಾಗದು.