ಗುತ್ತಿಗೆ ಮಾರ್ಪಾಡಿನ ಲೆಕ್ಕ: ಐಎಎಸ್ 17ರಿಂದ ಇಂಡ್ ಎಎಸ್ 116ರವರೆಗೆ

1982ರಲ್ಲಿ ಬಂದ ಐಎಎಸ್ 17ರ ಕಾಲದಲ್ಲಿ ಕಚೇರಿ ಬಾಡಿಗೆ ಸಾಮಾನ್ಯವಾಗಿ ಗುತ್ತಿಗೆದಾರನ ಆಸ್ತಿ-ಹೊಣೆ ಪಟ್ಟಿಗೆ ಬರುತ್ತಿರಲಿಲ್ಲ. ಹೀಗಾಗಿ ನಡುವೆ ಜಾಗ ಹೆಚ್ಚಿದರೂ ಅವಧಿ ತಗ್ಗಿದರೂ ಮರುಲೆಕ್ಕ ಹಾಕಲು ಹೊಣೆಯೇ ಇರಲಿಲ್ಲ; ಗುತ್ತಿಗೆಯ ವರ್ಗ ಬದಲಾಗುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಐಎಎಸ್ 17ರ ಬದಲಿಗೆ ಬರಲಿದ್ದ ಮಾನದಂಡದ 2013ರ ಕರಡು, ಗಣನೀಯವಾಗಿ ಮಾರ್ಪಟ್ಟ ಕರಾರನ್ನು ಹೊಸ ಕರಾರೆಂದೇ ಪರಿಗಣಿಸಲು ಹೊರಟಿತ್ತು. 2016ರ ಐಎಫ್‌ಆರ್‌ಎಸ್ 16 ಆ ದಾರಿ ಬಿಟ್ಟು, ಒಂದೇ ಮಾರ್ಪಾಡಿನೊಳಗಿನ ಏರಿಕೆಯನ್ನೂ ಇಳಿಕೆಯನ್ನೂ ಬಿಡಿಸಿ ನೋಡಿತು. ಈ ಇತಿಹಾಸದ ನಿಜವಾದ ತಿರುವು ಇದೇ ಎಂಬುದು ನನ್ನ ವಾದ. 2019ರ ಏಪ್ರಿಲ್ 1ರಿಂದ ಜಾರಿಯಾದ ಇಂಡ್ ಎಎಸ್ 116 ಅದನ್ನೇ ಭಾರತಕ್ಕೆ ತಂದಿತು.

ಒಂದು ಕಲ್ಪಿತ ಉದಾಹರಣೆ ನೋಡೋಣ. 10,000 ಚದರಡಿ ಕಚೇರಿಗೆ 10 ವರ್ಷದ ಗುತ್ತಿಗೆ. ಪ್ರತಿ ವರ್ಷದ ಕೊನೆಗೆ 10 ಲಕ್ಷ ರೂಪಾಯಿ ಬಾಡಿಗೆ. ಬಡ್ಡಿ ದರ ಶೇ. 8. ಆರು ವರ್ಷ ಕಳೆದಾಗ ಬಳಕೆ ಹಕ್ಕಿನ ಆಸ್ತಿ 26.84 ಲಕ್ಷ, ಗುತ್ತಿಗೆ ಹೊಣೆ 33.12 ಲಕ್ಷ. ಆಗ ಗುತ್ತಿಗೆದಾರನೂ ಮಾಲೀಕನೂ ಕೂತು, ಉಳಿದ ನಾಲ್ಕು ವರ್ಷವನ್ನು ಎರಡಕ್ಕೆ ಇಳಿಸುತ್ತಾರೆ. ಅದೇ ದಿನ, ಅದೇ ಎರಡು ವರ್ಷಕ್ಕೆ, 4,000 ಚದರಡಿ ಹೆಚ್ಚುವರಿ ಜಾಗವೂ ಕೈಸೇರುತ್ತದೆ. ಅದರ ಮಾರುಕಟ್ಟೆ ಬಾಡಿಗೆ ವರ್ಷಕ್ಕೆ 4.40 ಲಕ್ಷ, ಒಪ್ಪಿದ್ದು 3 ಲಕ್ಷ.

ಮಾರುಕಟ್ಟೆ ಬೆಲೆಗೆ ತಕ್ಕ ಬಾಡಿಗೆಯಾಗಿದ್ದರೆ ಹೊಸ ಜಾಗವನ್ನು ಪ್ರತ್ಯೇಕ ಗುತ್ತಿಗೆಯಾಗಿ ಬರೆಯಬೇಕಿತ್ತು. ಇಲ್ಲಿ ಕೊರತೆ ದೊಡ್ಡದು, ಅದನ್ನು ಸಮರ್ಥಿಸುವ ಕಾರಣವೂ ಇಲ್ಲ. ಆದ್ದರಿಂದ ಎಲ್ಲವೂ ಹಳೆಯ ಗುತ್ತಿಗೆಯ ಮಾರ್ಪಾಡೇ.

ಮೊದಲು ಅವಧಿ ಕಡಿತ. ಹಳೆಯ ಶೇ. 8ರಲ್ಲೇ ಎರಡು ವರ್ಷದ ಬಾಡಿಗೆಯ ಇಂದಿನ ಮೌಲ್ಯ 17.83 ಲಕ್ಷ, ಹೊಣೆ 15.29 ಲಕ್ಷ ಇಳಿಯುತ್ತದೆ. ಆಸ್ತಿಯ ಅರ್ಧ, ಅಂದರೆ 13.42 ಲಕ್ಷ, ತೆಗೆಯಬೇಕು. ವ್ಯತ್ಯಾಸದ 1.87 ಲಕ್ಷ ಲಾಭ-ನಷ್ಟ ಖಾತೆಗೆ ಲಾಭವಾಗಿ ಹೋಗುತ್ತದೆ. ಆಮೇಲೆ ಮಾರ್ಪಾಡಿನ ದಿನದ ದರ, ಶೇ. 9 ಎನ್ನೋಣ, ಅನ್ವಯಿಸಿದರೆ ಹೊಣೆ 17.59 ಲಕ್ಷಕ್ಕೆ ಬರುತ್ತದೆ. ಈ 0.24 ಲಕ್ಷದ ಇಳಿಕೆ ಲಾಭವಲ್ಲ, ಆಸ್ತಿಯಿಂದ ಕಳೆಯಬೇಕು. ಹೀಗೆ ಹಳೆಯ ಜಾಗದ ಆಸ್ತಿ 13.18 ಲಕ್ಷಕ್ಕೆ ನಿಲ್ಲುತ್ತದೆ. ಕೊನೆಗೆ ಹೊಸ ಜಾಗಕ್ಕೆ ಆಸ್ತಿಯೂ ಹೊಣೆಯೂ 5.28 ಲಕ್ಷ ಏರುತ್ತವೆ.

ಹೊಸ ದರವನ್ನು ಮೊದಲೇ ಹಾಕಿಬಿಟ್ಟರೆ ಬಡ್ಡಿ ಬದಲಾವಣೆಯ ಫಲವೂ ಲಾಭದಲ್ಲಿ ಬೆರೆತು ಅದು 2.11 ಲಕ್ಷವಾಗಿ ಕಾಣುತ್ತದೆ. ಇದನ್ನು ಗಣಿತ ಮತ್ತೆ ಮಾಡಿದರೆ ಹಿಡಿಯಬಹುದು. ಹಿಡಿಯಲು ಕಷ್ಟವಾದ ತಪ್ಪು ಬೇರೆ. ಎರಡು ವರ್ಷ ಮುಂಚೆ ಬಿಡುವ ಆಯ್ಕೆ ಮೂಲ ಕರಾರಿನಲ್ಲೇ ಇದ್ದು, ಗುತ್ತಿಗೆದಾರ ಅದನ್ನು ಬಳಸಿದ್ದರೆ, ಆ ಅವಧಿ ಕಡಿತ ಮಾರ್ಪಾಡಲ್ಲ, ಮರುಅಂದಾಜು. ಆಗ ಹೊಣೆಯ ಪೂರ್ತಿ ಇಳಿಕೆ, 15.53 ಲಕ್ಷ, ಆಸ್ತಿಯಿಂದಲೇ ಕಳೆಯುತ್ತದೆ. ಹಳೆಯ ಜಾಗದ ಆಸ್ತಿ 11.31 ಲಕ್ಷಕ್ಕೆ ಇಳಿಯುತ್ತದೆ. ಆ ದಿನ ಲಾಭವಿಲ್ಲ, ಅದೇ 1.87 ಲಕ್ಷ ಮುಂದಿನ ಎರಡು ವರ್ಷಗಳಲ್ಲಿ ಕಡಿಮೆ ಸವಕಳಿಯಾಗಿ ಹಂಚಿಹೋಗುತ್ತದೆ. ಹೀಗಾಗಿ ಲೆಕ್ಕಪರಿಶೋಧಕರು ತಿದ್ದುಪಡಿ ಪತ್ರಕ್ಕಿಂತ ಮೊದಲು ಮೂಲ ಕರಾರಿನ ಮುಕ್ತಾಯದ ಷರತ್ತನ್ನು ಓದಬೇಕು.