‘ಸಾವಕಾಶ’ ಸಾಲದು: ಬೆಕ್ಕನ್ನು ಮುಟ್ಟುವ ಎಳೆಗೈಗೆ ಮೊದಲು ಕಲಿಸಬೇಕಾದದ್ದು

ಬೆಕ್ಕನ್ನು ಎಲ್ಲಿ ಮುಟ್ಟಬೇಕು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಈಗ ಹೆಚ್ಚು ತಕರಾರಿಲ್ಲ. ಕಣ್ಣು ಮತ್ತು ಕಿವಿಯ ನಡುವಿನ ಜಾಗ, ಕೆನ್ನೆ, ಗದ್ದದ ಕೆಳಗೆ ಅದಕ್ಕೆ ಹಿತ. ಬಾಲದ ಬುಡವನ್ನು ಸವರಿದರೆ ಅಸಮಾಧಾನ ಹೆಚ್ಚು ಎಂಬುದನ್ನು ಸಾರಾ ಎಲಿಸ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದ್ದಾರೆ. ಎತ್ತುವ ಕ್ರಮದಲ್ಲೂ ಭಿನ್ನಾಭಿಪ್ರಾಯವಿಲ್ಲ: ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ ಆಸರೆ. ನಾಲ್ಕು ವರ್ಷದ ಮಗುವಿಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ; ಅದು ಹೊಟ್ಟೆಯನ್ನು ತಬ್ಬಿ ಎತ್ತುತ್ತದೆ, ಬೆಕ್ಕಿನ ಹಿಂಗಾಲುಗಳು ಜೋತಾಡುತ್ತವೆ. ಹಾಗಾಗಿ ಎತ್ತುವುದು ಬೇಡ. ಮಗು ನೆಲದ ಮೇಲೆ ಕೂರಲಿ, ಬೆಕ್ಕು ತಾನಾಗಿ ತೊಡೆಯೇರಿದರೆ ಏರಲಿ.

ತಕರಾರಿರುವುದು ಮುಟ್ಟುವುದನ್ನು ನಿಲ್ಲಿಸುವ ಪಾಠದಲ್ಲಿ. ಕ್ಯಾಮಿಲ್ಲಾ ಹೇವುಡ್, ಲಾರೆನ್ ಫಿಂಕಾ ಮೊದಲಾದವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಲಂಡನ್ನಿನ ಬ್ಯಾಟರ್‌ಸೀ ಆಶ್ರಯಧಾಮದಲ್ಲಿ 120 ಜನರಿಗೆ ಮೂರು ಸೂತ್ರಗಳನ್ನು ಕಲಿಸಲಾಯಿತು: ಆಯ್ಕೆಯನ್ನು ಬೆಕ್ಕಿಗೆ ಬಿಡು, ಅದರ ಮೈಭಾಷೆಯನ್ನು ಗಮನಿಸು, ಸರಿಯಾದ ಜಾಗದಲ್ಲಿ ಮುಟ್ಟು. ಆ ಬಳಿಕ ಬೆಕ್ಕುಗಳ ಸಿಟ್ಟು, ಇರಿಸುಮುರಿಸು ಕಡಿಮೆಯಾದವು. ಫಲಿತಾಂಶವನ್ನು ನಾನು ಒಪ್ಪುತ್ತೇನೆ. ಆದರೆ ಕಲಿತವರು ದೊಡ್ಡವರು. ಅದೇ ಪಾಠವನ್ನು ಎಳೆಯ ಮಕ್ಕಳಿಗೂ ಹಾಗೆಯೇ ದಾಟಿಸುವ ರೂಢಿಗೆ ಮಾತ್ರ ನನ್ನ ಆಕ್ಷೇಪ.

ಪುಣೆಯ ಹಡಪಸರದಲ್ಲಿ ಮಗರ ಮನೆತನದ ರೈತರು ತಮ್ಮದೇ ಹೊಲಗಳನ್ನು ಒಟ್ಟುಗೂಡಿಸಿ ಕಟ್ಟಿದ ಮಗರಪಟ್ಟಾದಲ್ಲಿ ಐಟಿ ಕೆಲಸಕ್ಕೆ ಬಂದ ಕನ್ನಡ ಕುಟುಂಬಗಳಿವೆ. ಅಂಥ ಒಂದು ಮನೆಯಲ್ಲಿ ನಾನು ಕಂಡದ್ದಿದು. ನಾಲ್ಕು ವರ್ಷದ ಹುಡುಗ, ಸಾಕಿದ ಕೆಂಚು ಬೆಕ್ಕು, ಧಾರವಾಡ ಕಡೆಯ ಅಜ್ಜಿ. ಅಜ್ಜಿ “ಸಾವಕಾಶ ತಮ್ಮಾ, ಸಾವಕಾಶ” ಎನ್ನುತ್ತಿದ್ದರು; ಮಗುವನ್ನು ನೋಡಿಕೊಳ್ಳುವ ಮರಾಠಿ ಬಾಯಿಯೂ ಅದೇ ಪದ ಹೇಳುತ್ತಿದ್ದಳು. ಹುಡುಗ ಅಕ್ಷರಶಃ ಪಾಲಿಸಿದ. ಕೈ ನಿಧಾನವಾಯಿತು, ಒತ್ತು ಹೆಚ್ಚಿತು. ಅಂಗೈ ಬೆನ್ನಗುಂಟ ಬಾಲದ ಬುಡದವರೆಗೂ ಇಳಿಯಿತು. ಬೆಕ್ಕಿನ ಬಾಲದ ತುದಿ ಪಟಪಟ ಆಡಿತು, ಬೆನ್ನ ಚರ್ಮ ಅಲೆಯಂತೆ ಸರಿಯಿತು, ಕಿವಿಗಳು ಪಕ್ಕಕ್ಕೆ ಹೊರಳಿದವು, ಮುಖ ಸರಕ್ಕನೆ ಕೈಯತ್ತ ತಿರುಗಿತು. ಮುಂದಿನ ಕ್ಷಣ ಉಗುರು. ಅಳುತ್ತ ಹುಡುಗ ಹೇಳಿದ್ದು: “ಅದು ಗುರ್ ಗುರ್ ಅನ್ನಾಕತ್ತಿತ್ತಲ್ಲ!”

ಅವನ ವಾದ ಸುಳ್ಳಲ್ಲ. ಬೆಕ್ಕು ಹಿತವಾದಾಗಲೂ ಗುರುಗುಡುತ್ತದೆ, ನೋವಿನಲ್ಲೂ ಗುರುಗುಡುತ್ತದೆ. (ಮುದ್ದಿನ ಸದ್ದಿಗೂ ನಾಯಿಯ ಸಿಟ್ಟಿನ ಸದ್ದಿಗೂ ಕನ್ನಡ ಒಂದೇ ‘ಗುರ್’ ಇಟ್ಟುಕೊಂಡಿರುವುದು ಇಲ್ಲಿ ಆಕಸ್ಮಿಕವಾದರೂ ಸೊಗಸಾಗಿದೆ.) ಉಳಿದ ಸೂಚನೆಗಳು ಸಣ್ಣವು, ಕ್ಷಣಿಕವಾದವು, ಬಹುಪಾಲು ಮಗುವಿನ ದೃಷ್ಟಿ ನೆಟ್ಟ ಕಡೆ ಇಲ್ಲದವು. ಕೆರ್ಸ್ಟಿನ್ ಮೈಂಟ್ಸ್ ಅವರ ತಂಡ ನಾಯಿಗಳ ವಿಷಯದಲ್ಲಿ ನಡೆಸಿದ ಕೆಲಸದಲ್ಲಿ ಎಳೆಯ ಮಕ್ಕಳು ಹಲ್ಲು ಕಿರಿದ ನಾಯಿಯನ್ನೇ ಖುಷಿಯಾಗಿದೆ ಎಂದು ಓದಿದ್ದುಂಟು. ಹಲ್ಲೇ ಕಾಣದವರಿಗೆ ಬಾಲದ ತುದಿ ಕಂಡೀತೇ?

ಹಾಗಾಗಿ ನನ್ನ ವಾದ: ಐದರೊಳಗಿನ ಮಗುವಿಗೆ ಸೂಚನೆ ಓದುವುದಕ್ಕಿಂತ ಮೊದಲು ಕೈ ತೆಗೆಯುವುದನ್ನು ಕಲಿಸಬೇಕು. ‘ಸಾವಕಾಶ’ ವೇಗದ ಮಾತು; ಒತ್ತಿನ ಬಗ್ಗೆಯೂ ನಿಲುಗಡೆಯ ಬಗ್ಗೆಯೂ ಅದು ಏನನ್ನೂ ಹೇಳುವುದಿಲ್ಲ. ಆ ಮನೆಯಲ್ಲಿ ಅಜ್ಜಿ ಮಾತು ಬದಲಿಸಿದರು: “ಒಂದು, ಎರಡು, ಕೈ ತಗಿ.” ಕೆನ್ನೆಯ ಮೇಲೆ ಎರಡು ಬೆರಳಿನಿಂದ ಎರಡು ಸಲ ನೇವರಿಸಿ ಕೈಯನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಳ್ಳುವುದು, ಕಾಯುವುದು. ಬೆಕ್ಕು ತಲೆಯನ್ನು ಕೈಗೆ ಒತ್ತಿದರೆ ಮತ್ತೆ ಎರಡು. ಮೈ ನೆಕ್ಕಿಕೊಂಡರೆ, ಮುಖ ತಿರುಗಿಸಿದರೆ, ಎದ್ದು ಹೋದರೆ ಆಟ ಮುಗಿಯಿತು. ಕೈ ಮೈಮೇಲಿರುವಾಗ ಬೆಕ್ಕಿನ ‘ಬೇಡ’ ಸಣ್ಣದು. ಕೈ ತೆಗೆದಾಗ ಅದರ ‘ಬೇಕು’ ಮಗುವಿಗೂ ಕಾಣುವಷ್ಟು ದೊಡ್ಡದು. ಎರಡು ವಾರದೊಳಗೆ ಹುಡುಗ ತಾನೇ “ಸಾಕಂತ ಅದಕ್ಕ” ಎನ್ನತೊಡಗಿದ.

ಇದನ್ನು ಹಿಗ್ಗಿಸಿ ಓದಬಾರದು. ಇದು ಒಂದೇ ಮನೆ, ಒಂದೇ ಬೆಕ್ಕು. ಅಜ್ಜಿ ಕೈಗೆಟುಕುವಷ್ಟು ಹತ್ತಿರ ಕೂತಿರುತ್ತಿದ್ದುದೇ ಅರ್ಧ ಕಾರಣವಿರಬಹುದು. ಅಲ್ಲದೆ ಹೆದರಿದ ಕೆಲವು ಬೆಕ್ಕುಗಳು ಓಡುವುದಿಲ್ಲ, ಮರಗಟ್ಟಿ ಕೂರುತ್ತವೆ. ಆದ್ದರಿಂದ ಅಲುಗದಿರುವುದನ್ನು ಒಪ್ಪಿಗೆಯೆಂದು ಎಣಿಸುವಂತಿಲ್ಲ. ಉತ್ತರ ಬಾರದಿದ್ದರೆ ಅದೂ ‘ಬೇಡ’ವೇ. ಬಾಲ, ಕಿವಿಗಳ ಪಾಠ ಬೇಡವೆಂದೂ ನಾನು ಹೇಳುತ್ತಿಲ್ಲ. ಅದು ಆಮೇಲೆ ಬರಲಿ, ಅಲ್ಲಿಯವರೆಗೆ ಆ ಕಣ್ಣು ದೊಡ್ಡವರದಾಗಿರಲಿ.

ಮನೆಯ ಬೆಕ್ಕಿನೊಡನೆ ಕಲಿತದ್ದನ್ನು ಮಗು ಪಾರ್ಕಿಂಗಿನ ಅಪರಿಚಿತ ಬೆಕ್ಕಿನ ಮುಂದೆ ನೆನಪಿಡುತ್ತದೆಯೇ ಎಂಬುದು ಇನ್ನೂ ಪರೀಕ್ಷೆಗೆ ಕಾದಿದೆ. ಅಲ್ಲಿಯತನಕ ಬೀದಿ ಬೆಕ್ಕನ್ನು ಮುಟ್ಟಗೊಡದಿರುವುದೇ ಸರಿ. ಯಾವ ಬೆಕ್ಕು ಗೀರಿದರೂ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರಿಗೆ ತೋರಿಸಿ ರೇಬೀಸ್ ಲಸಿಕೆಯ ಬಗ್ಗೆ ಕೇಳಬೇಕು.